ಕಂಟ್ರೋಲ್ ಚಾರ್ಟ್: ಮಿತಿ ಹಾಕುವುದು ಹೇಗೆ, ಎಚ್ಚರಿಕೆ ಗುರುತಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕಂಟ್ರೋಲ್ ಚಾರ್ಟ್ ಅಂದರೆ ಅಳತೆಗಳನ್ನು ಬಂದ ಕ್ರಮದಲ್ಲೇ ಚುಕ್ಕೆ ಇಟ್ಟು, ನಡುಗೆರೆ ಮತ್ತು ಮೇಲೆ ಕೆಳಗೆ ಮಿತಿಯ ಗೆರೆ ಎಳೆದ ಚಾರ್ಟ್. ಈ ಪುಟದಲ್ಲಿ ಬಹುಪಾಲು ಒಂದೇ ಉದಾಹರಣೆ ಹಿಡಿದುಕೊಂಡು ಹೋಗುತ್ತೇನೆ. ಒಂದು ಸಿಎನ್‌ಸಿ ಲೇತ್ ಇದೆ. ಅದರಲ್ಲಿ 20 ಮಿ.ಮೀ. ವ್ಯಾಸದ ಶಾಫ್ಟ್ ತಿರುಗಿಸುತ್ತಾರೆ. ಡ್ರಾಯಿಂಗ್‌ನಲ್ಲಿ ಕೊಟ್ಟಿರುವ ಟಾಲರೆನ್ಸ್ ಪ್ಲಸ್ ಮೈನಸ್ 25 ಮೈಕ್ರಾನ್. ಪ್ರತಿ ಸಲ 20.006 ಎಂದೆಲ್ಲ ಬರೆಯುವುದು ಕಿರಿಕಿರಿ, ಹಾಗಾಗಿ 20.000ದಿಂದ ಎಷ್ಟು ಮೈಕ್ರಾನ್ ಆಚೀಚೆ ಎಂಬುದನ್ನಷ್ಟೇ ಬರೆಯೋಣ. 20.006 ಅಂದರೆ +6.

ಟಾಲರೆನ್ಸ್ ಗೊತ್ತಿದೆಯಲ್ಲ, ಅದೇ ಎರಡು ಗೆರೆ ಚಾರ್ಟ್‌ನಲ್ಲಿ ಎಳೆದರೆ ಸಾಲದಾ?

ಸಾಲದು. ಟಾಲರೆನ್ಸ್ ಅನ್ನುವುದು ಗಿರಾಕಿಗೆ ಏನು ಬೇಕು ಎನ್ನುವುದು. ಕಂಟ್ರೋಲ್ ಮಿತಿ ಅನ್ನುವುದು ನಿಮ್ಮ ಮೆಷಿನ್ ಸುಮ್ನೆ ತನ್ನ ಪಾಡಿಗೆ ಓಡುವಾಗ ಎಷ್ಟು ಅಲುಗಾಡುತ್ತದೆ ಎನ್ನುವುದು. ಗಿರಾಕಿ ನಾಳೆ ಟಾಲರೆನ್ಸ್ ಅರ್ಧ ಮಾಡಿದರೂ ಮೆಷಿನ್‌ಗೆ ಅದು ಗೊತ್ತಾಗುವುದಿಲ್ಲ, ಅಲ್ವಾ?

ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದ ವಾಲ್ಟರ್ ಶೂಹಾರ್ಟ್ 1924ರಲ್ಲಿ ಮೊದಲ ಕಂಟ್ರೋಲ್ ಚಾರ್ಟ್ ಬರೆದಾಗ ಕೇಳಿದ್ದು ಇದೇ ಪ್ರಶ್ನೆಯನ್ನು. ಈ ಏರಿಳಿತ ಯಾವಾಗಲೂ ಇರುವಂಥದ್ದಾ, ಇಲ್ಲಾ ಹೊಸದಾಗಿ ಏನಾದರೂ ಆಗಿದೆಯಾ? ಪೀಸ್ ಪಾಸಾ ಫೇಲಾ ಎನ್ನುವುದು ಬೇರೆ ಪ್ರಶ್ನೆ.

ಇನ್ನೊಂದು ಕಾರಣವೂ ಇದೆ. ಚಾರ್ಟ್‌ನಲ್ಲಿ ನಾವು ಇಡುವ ಚುಕ್ಕೆ ಐದು ಪೀಸ್‌ಗಳ ಸರಾಸರಿ. ಟಾಲರೆನ್ಸ್ ಇರುವುದು ಒಂದೊಂದು ಪೀಸ್‌ಗೆ. ಸರಾಸರಿ ಯಾವಾಗಲೂ ಬಿಡಿ ಪೀಸ್‌ಗಳಿಗಿಂತ ಕಡಿಮೆ ಅಲುಗಾಡುತ್ತದೆ. ಸರಾಸರಿಯ ಚಾರ್ಟ್ ಮೇಲೆ ಟಾಲರೆನ್ಸ್ ಗೆರೆ ಎಳೆದರೆ ಚುಕ್ಕೆಗಳೆಲ್ಲ ಆರಾಮವಾಗಿ ಒಳಗೇ ಕೂತಿರುತ್ತವೆ, ಇತ್ತ ಡಬ್ಬಿಯಲ್ಲಿ ಓವರ್‌ಸೈಜ್ ಪೀಸ್ ಬೀಳುತ್ತಿರುತ್ತದೆ.

ಸ್ಯಾಂಪಲ್ ಹೇಗೆ ತೆಗೆಯಬೇಕು? ಗಂಟೆಗೆ ಐದು ಅಂದರೆ ಹನ್ನೆರಡು ನಿಮಿಷಕ್ಕೊಂದು ತೆಗೆಯಬಹುದಾ?

ಬೇಡ. ಗಂಟೆಗೊಮ್ಮೆ ಹೋಗಿ, ಒಂದರ ಹಿಂದೆ ಒಂದು ಬಂದ ಐದು ಪೀಸ್ ತೆಗೆದುಕೊಳ್ಳಿ. ಈ ಐದರ ಗುಂಪಿಗೆ ಸಬ್‌ಗ್ರೂಪ್ ಅನ್ನುತ್ತಾರೆ. ಕಂಟ್ರೋಲ್ ಚಾರ್ಟ್‌ನಲ್ಲಿ ಅರ್ಧಕ್ಕರ್ಧ ತಪ್ಪು ಆಗುವುದೇ ಇಲ್ಲಿ ಅಂತ ನನ್ನ ಅನುಭವ. ಲೆಕ್ಕದಲ್ಲಿ ತಪ್ಪುವವರು ಕಡಿಮೆ.

ಒಂದರ ಹಿಂದೆ ಒಂದು ಬಂದ ಐದು ಪೀಸ್‌ಗಳ ನಡುವೆ ಲೋಹ ಕತ್ತರಿಸುವ ತುದಿ, ಅಂದರೆ ಇನ್ಸರ್ಟ್, ಸವೆಯಲು ಸಮಯ ಸಿಗುವುದಿಲ್ಲ. ಕೂಲಂಟ್ ಬಿಸಿಯಾಗುವುದಿಲ್ಲ, ಬಾರ್ ಬದಲಾಗುವುದಿಲ್ಲ, ಆಪರೇಟರ್ ಬದಲಾಗುವುದಿಲ್ಲ. ಅವುಗಳ ನಡುವೆ ಇರುವ ವ್ಯತ್ಯಾಸ ಅಂದರೆ ಮೆಷಿನ್‌ನ ಹುಟ್ಟುಗುಣ, ಅಷ್ಟೇ. ಮಿತಿಗಳು ಹುಟ್ಟಬೇಕಾದ್ದು ಈ ವ್ಯತ್ಯಾಸದಿಂದ. ಬದಲಾಗುವಂಥದ್ದೆಲ್ಲ ಒಂದು ಸಬ್‌ಗ್ರೂಪ್‌ಗೂ ಮುಂದಿನದಕ್ಕೂ ನಡುವೆ ಬೀಳಬೇಕು. ಆಗ ಮಾತ್ರ ಅದು ಎದ್ದು ಕಾಣುತ್ತದೆ.

ಹನ್ನೆರಡು ನಿಮಿಷಕ್ಕೊಂದರಂತೆ ತೆಗೆದರೆ ಗಂಟೆಯೊಳಗಿನ ಸವೆತವೂ ಸಬ್‌ಗ್ರೂಪ್‌ನ ಒಳಗೇ ಸೇರಿಕೊಳ್ಳುತ್ತದೆ. ಮಿತಿ ಅಗಲವಾಗುತ್ತದೆ. ಯಾವುದನ್ನು ಹಿಡಿಯಬೇಕಿತ್ತೋ ಅದನ್ನೇ ಮಾಮೂಲಿ ಎಂದು ಒಪ್ಪಿಕೊಂಡ ಹಾಗಾಯಿತು.

ಸರಿ, ಲೆಕ್ಕ ಹೇಳಿ.

ಒಂದು ಸಬ್‌ಗ್ರೂಪ್ ನೋಡೋಣ: +3, +9, −4, +6, +11. ಕೂಡಿದರೆ 25, ಸರಾಸರಿ 5. ದೊಡ್ಡದು 11, ಚಿಕ್ಕದು −4, ಹಾಗಾಗಿ ರೇಂಜ್ 15. ಪ್ರತಿ ಗಂಟೆಗೂ ಈ ಎರಡೇ ಸಂಖ್ಯೆ, ಒಂದು ಸರಾಸರಿ, ಒಂದು ರೇಂಜ್. ಎರಡಕ್ಕೂ ಬೇರೆ ಬೇರೆ ಚಾರ್ಟ್, ಒಂದರ ಕೆಳಗೆ ಒಂದು.

ಹೀಗೆ 20ರಿಂದ 25 ಸಬ್‌ಗ್ರೂಪ್ ಸೇರಿಸಿ. ನಮ್ಮ ಲೇತ್‌ನಲ್ಲಿ ಎಲ್ಲ ಸರಾಸರಿಗಳ ಸರಾಸರಿ +4 ಬಂತು, ರೇಂಜ್‌ಗಳ ಸರಾಸರಿ 14 ಬಂತು ಅಂದುಕೊಳ್ಳಿ. ಐದು ಪೀಸ್‌ನ ಸಬ್‌ಗ್ರೂಪ್‌ಗೆ ಪಟ್ಟಿಯಲ್ಲಿ ಸಿಗುವ ಗುಣಕಗಳು 0.577 ಮತ್ತು 2.114, ಸಿಗ್ಮಾ ತೆಗೆಯಲು ಭಾಗಿಸುವ ಸಂಖ್ಯೆ 2.326. ಕೆಳಗೆ Xbar ಅಂದರೆ ಸರಾಸರಿ, R ಅಂದರೆ ರೇಂಜ್, UCL ಮೇಲಿನ ಮಿತಿ, LCL ಕೆಳಗಿನ ಮಿತಿ.

```
Xbar UCL = 4 + 0.577 × 14 = +12.1
Xbar LCL = 4 − 0.577 × 14 = −4.1
R UCL    = 2.114 × 14     = 29.6
sigma    = 14 / 2.326     = 6.0
```

ರೇಂಜ್‌ಗೆ ಕೆಳಗಿನ ಮಿತಿ ಇಲ್ಲಿ ಸೊನ್ನೆ. ಕೊನೆಯ ಸಾಲಿನ 6 ಮೈಕ್ರಾನ್ ಬಿಡಿ ಪೀಸ್‌ಗಳ ಸಿಗ್ಮಾ, ಅಂದರೆ ಅವು ಸರಾಸರಿಯ ಸುತ್ತ ಎಷ್ಟು ಹರಡುತ್ತವೆ ಎನ್ನುವ ಅಳತೆ. ಅದನ್ನು ಒಂದು ಕಡೆ ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈ ಗುಣಕಗಳು ಐದು ಪೀಸ್‌ಗೆ ಮಾತ್ರ. ನಾಲ್ಕೇ ಪೀಸ್ ತೆಗೆದರೆ 0.577ರ ಬದಲು 0.729 ಹಾಕಬೇಕು. ಐದರ ಶೀಟ್ ಕಾಪಿ ಮಾಡಿ ನಾಲ್ಕು ಪೀಸ್‌ಗೆ ಬಳಸಿದ್ದನ್ನು ನಾನು ಒಂದಕ್ಕಿಂತ ಜಾಸ್ತಿ ಸಲ ನೋಡಿದ್ದೇನೆ.

ಇಷ್ಟೆಲ್ಲ ಯಾಕೆ? ಎಲ್ಲ ರೀಡಿಂಗ್ ಒಂದು ಕಾಲಂನಲ್ಲಿ ಹಾಕಿ STDEV ಒತ್ತಿದರೆ ಸಿಗ್ಮಾ ಬರುತ್ತದಲ್ಲ?

ಒಂದು ಸಿಗ್ಮಾ ಬರುತ್ತದೆ, ನಮಗೆ ಬೇಕಾದ ಸಿಗ್ಮಾ ಬರುವುದಿಲ್ಲ. STDEV ಇಡೀ ಕಾಲಂ ಅನ್ನು ಒಂದೇ ರಾಶಿ ಎಂದು ನೋಡುತ್ತದೆ. ಬೆಳಿಗ್ಗೆಯ ಪೀಸ್‌ಗೂ ಸಂಜೆಯ ಪೀಸ್‌ಗೂ ನಡುವೆ ಇನ್ಸರ್ಟ್ ಸವೆದು ವ್ಯಾಸ ಏರಿದ್ದರೆ ಆ ಏರಿಕೆಯೂ ಸಿಗ್ಮಾ ಒಳಗೆ ಹೋಗಿಬಿಡುತ್ತದೆ. ಆಗ 6 ಬರಬೇಕಾದ ಕಡೆ 10 ಬಂತು ಅಂತಿಟ್ಟುಕೊಳ್ಳಿ. ಮಿತಿ ಪ್ಲಸ್ ಮೈನಸ್ 8.1 ಇರಬೇಕಿತ್ತು, 13.4 ಆಗುತ್ತದೆ. ಸವೆತದಿಂದಲೇ ಅಗಲವಾದ ಮಿತಿಯೊಳಗೆ ಸವೆತ ಸಿಕ್ಕಿಬೀಳುವುದಾದರೂ ಹೇಗೆ? ಕಳ್ಳನ ಕೈಗೇ ಬೀಗದ ಕೈ ಕೊಟ್ಟ ಹಾಗೆ.

ಪ್ರೋಸೆಸ್ ನಿಜಕ್ಕೂ ಸ್ಥಿರವಾಗಿದ್ದರೆ ಎರಡೂ ಲೆಕ್ಕ ಹತ್ತಿರ ಹತ್ತಿರ ಬರುತ್ತವೆ. ತುಂಬಾ ದೂರ ಬಂದರೆ ಅದೇ ಒಂದು ಸುಳಿವು.

ಮಿತಿ ಹಾಕುವಾಗಲೇ ಒಂದು ಚುಕ್ಕೆ ಹೊರಗೆ ಬಿದ್ದಿದೆ. ಅಳಿಸಿಬಿಡಲಾ?

ಕಾರಣ ಸಿಕ್ಕಿದರೆ ತೆಗೆಯಿರಿ. ಸಿಗದಿದ್ದರೆ ಇರಲಿ ಬಿಡಿ. ಮತ್ತೆ, ಯಾವಾಗಲೂ ರೇಂಜ್ ಚಾರ್ಟ್ ಮೊದಲು ನೋಡಿ, ಯಾಕೆಂದರೆ ಸರಾಸರಿಯ ಮಿತಿಯೂ ರೇಂಜ್‌ನಿಂದಲೇ ಬರುತ್ತದೆ. ಅದು ಕೆಟ್ಟಿದ್ದರೆ ಇದೂ ಕೆಟ್ಟ ಹಾಗೇ.

ನಮ್ಮ ಶಾಫ್ಟ್‌ನಲ್ಲಿ ಹೀಗಾಯಿತು. ಮೊದಲು 25 ಸಬ್‌ಗ್ರೂಪ್ ಇದ್ದವು, ರೇಂಜ್‌ಗಳ ಮೊತ್ತ 377, ಸರಾಸರಿ 15.1, ಮೇಲಿನ ಮಿತಿ 31.9. ಒಂಬತ್ತನೇ ಸಬ್‌ಗ್ರೂಪ್‌ನ ರೇಂಜ್ ಮಾತ್ರ 41. ರೀಡಿಂಗ್ ನೋಡಿದರೆ +2, +6, −3, +8, ಕೊನೆಯದು +38. ನಾಲ್ಕು ಸರಿಯಾಗಿವೆ, ಐದನೆಯದು ಎಲ್ಲಿಗೋ ಹಾರಿದೆ. ಶಿಫ್ಟ್ ಬುಕ್ ತೆಗೆದು ನೋಡಿದಾಗ ಗೊತ್ತಾಯಿತು, ನಾಲ್ಕನೇ ಪೀಸ್ ಆದ ಮೇಲೆ ಇನ್ಸರ್ಟ್ ಬದಲಾಯಿಸಿದ್ದರು, ಐದನೆಯದು ಹೊಸ ಇನ್ಸರ್ಟ್‌ನ ಮೊದಲ ಪೀಸ್, ಟೂಲ್‌ನ ಜಾಗ ತಿದ್ದುವ ಆಫ್‌ಸೆಟ್ ಇನ್ನೂ ಹೊಂದಿಸಿರಲಿಲ್ಲ. ಅಂದರೆ ಒಂದೇ ಸಬ್‌ಗ್ರೂಪ್‌ನಲ್ಲಿ ಎರಡು ಸೆಟಪ್ ಬೆರೆತಿದ್ದವು. ಅದನ್ನು ತೆಗೆದರೆ 336ನ್ನು 24ರಿಂದ ಭಾಗಿಸಿ 14. ಮೇಲಿನ ಲೆಕ್ಕದ 14 ಬಂದದ್ದು ಹೀಗೆ.

ಆವತ್ತಿನಿಂದ ಇನ್ಸರ್ಟ್ ಬದಲಾವಣೆಯ ನಡುವೆ ಸಬ್‌ಗ್ರೂಪ್ ಹಿಡಿಯಬಾರದು ಅಂತ ಶೀಟ್‌ನ ತಲೆಯಲ್ಲೇ ಬರೆದೆವು. ಕಾರಣ ಹುಡುಕದೆ, ಎಲ್ಲ ಚುಕ್ಕೆ ಒಳಗೆ ಬರುವವರೆಗೂ ಒಂದೊಂದೇ ಅಳಿಸುತ್ತಾ ಹೋದರೆ ಚಾರ್ಟ್ ಚೆಂದ ಕಾಣುತ್ತದೆ, ಆದರೆ ಮಿತಿ ಇಕ್ಕಟ್ಟಾಗಿ ಆಮೇಲೆ ದಿನಾ ಸುಳ್ಳು ಎಚ್ಚರಿಕೆ ಕೊಡುತ್ತದೆ.

ನಮ್ಮ ಚುಕ್ಕೆಗಳೆಲ್ಲ ನಡುಗೆರೆಗೆ ಅಂಟಿಕೊಂಡಿವೆ. ಪ್ರೋಸೆಸ್ ಸೂಪರ್ ಅಲ್ವಾ?

ಅನುಮಾನ ಪಡಿ. ಹೀಗೆ ಕಂಡರೆ ಬಹುತೇಕ ಸಬ್‌ಗ್ರೂಪ್ ಮಾಡಿದ್ದು ತಪ್ಪಾಗಿರುತ್ತದೆ. ಇದಕ್ಕೆ ಲೇತ್ ಬಿಟ್ಟು ಬಾಟಲಿ ತುಂಬುವ ಮೆಷಿನ್ ನೋಡೋಣ, ಅಲ್ಲಿ ಚೆನ್ನಾಗಿ ಅರ್ಥವಾಗುತ್ತದೆ.

ನಾಲ್ಕು ನಾಜಲ್‌ಗಳಿವೆ. ಅವುಗಳ ಸರಾಸರಿ 499, 501, 504, 508 ಮಿ.ಲೀ. ಒಂದೊಂದು ನಾಜಲ್ ತನ್ನಷ್ಟಕ್ಕೆ ಬಹಳ ಶಿಸ್ತು, ಸಿಗ್ಮಾ ಒಂದೇ ಮಿ.ಲೀ. ಈಗ ಯಾರೋ ಪ್ರತಿ ನಾಜಲ್‌ನಿಂದ ಒಂದೊಂದು ಬಾಟಲಿ ತೆಗೆದು ನಾಲ್ಕರ ಸಬ್‌ಗ್ರೂಪ್ ಮಾಡುತ್ತಾರೆ. ನೋಡಲು ನ್ಯಾಯವಾಗಿಯೇ ಇದೆ, ಎಲ್ಲರಿಗೂ ಪ್ರಾತಿನಿಧ್ಯ! ಆದರೆ ರೇಂಜ್ ಪ್ರತಿ ಸಲ ಸುಮಾರು 9 ಬರುತ್ತದೆ, ಯಾಕೆಂದರೆ ಅದು ಮೊದಲ ನಾಜಲ್‌ಗೂ ನಾಲ್ಕನೆಯದಕ್ಕೂ ಇರುವ ಶಾಶ್ವತ ಅಂತರ. ಮಿತಿ 0.729 ಗುಣಿಸು 9, ಅಂದರೆ ಪ್ಲಸ್ ಮೈನಸ್ 6.6. ನಿಜವಾಗಿ ಆ ಸರಾಸರಿ ಅಲುಗಾಡುವುದು ಪ್ಲಸ್ ಮೈನಸ್ 1.5 ಮಾತ್ರ.

ಹಾಗಾಗಿ ಚುಕ್ಕೆಗಳು ನಡುವೆ ಅಂಟಿ ಕೂರುತ್ತವೆ. ನಾಳೆ ಪಂಪ್ ಕೈಕೊಟ್ಟು ನಾಲ್ಕೂ ನಾಜಲ್ 3 ಮಿ.ಲೀ. ಜಾಸ್ತಿ ಸುರಿದರೂ ಒಂದು ಚುಕ್ಕೆಯೂ ಮಿತಿ ದಾಟುವುದಿಲ್ಲ. ಸತತ 15 ಚುಕ್ಕೆ ಒಂದು ಸಿಗ್ಮಾ ಪಟ್ಟಿಯೊಳಗೇ ಬಿದ್ದರೆ ಅದೂ ಒಂದು ಎಚ್ಚರಿಕೆ ಎನ್ನುವ ನಿಯಮ ಇರುವುದು ಇದಕ್ಕೇ. ಪರಿಹಾರ ಸರಳ: ಒಂದೊಂದು ನಾಜಲ್‌ಗೂ ಬೇರೆ ಚಾರ್ಟ್ ಇಡಿ. ಅದಕ್ಕೂ ಮೊದಲು ನಾಲ್ಕನೇ ನಾಜಲ್ ಯಾಕೆ 508 ಕೊಡುತ್ತಿದೆ ಅಂತ ನೋಡಿ.

ಮಿತಿ ದಾಟಿದರೆ ಮಾತ್ರ ಎಚ್ಚರಿಕೆಯಾ?

ಅಲ್ಲ. ಮಿತಿ ದಾಟುವುದು ದೊಡ್ಡ ಏಟಿನ ಗುರುತು. ನಿಧಾನವಾಗಿ ಜಾರುವುದು ಬೇರೆ ಥರ ಕಾಣುತ್ತದೆ. ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ 1956ರ ಕೈಪಿಡಿಯಿಂದ ಬಳಕೆಗೆ ಬಂದ ನಾಲ್ಕು ನಿಯಮಗಳು ಇವತ್ತಿಗೂ ಸಾಕು. ಒಂದು ಚುಕ್ಕೆ ಮೂರು ಸಿಗ್ಮಾ ಆಚೆ. ಸತತ ಮೂರರಲ್ಲಿ ಎರಡು ಒಂದೇ ಕಡೆ ಎರಡು ಸಿಗ್ಮಾ ಆಚೆ. ಐದರಲ್ಲಿ ನಾಲ್ಕು ಒಂದೇ ಕಡೆ ಒಂದು ಸಿಗ್ಮಾ ಆಚೆ. ಸತತ ಎಂಟು ನಡುಗೆರೆಯ ಒಂದೇ ಕಡೆ. ಇಲ್ಲಿ ಸಿಗ್ಮಾ ಅಂದರೆ ಸರಾಸರಿಯ ಸಿಗ್ಮಾ, ಅಂದರೆ 8.1ರ ಮೂರನೇ ಒಂದು ಭಾಗ, 2.7.

ನಮ್ಮ ಲೇತ್‌ನಲ್ಲಿ ಹೊಸ ಇನ್ಸರ್ಟ್ ಹಾಕಿದ ಮೇಲೆ ಗಂಟೆಗೊಂದರಂತೆ ಹತ್ತು ಸರಾಸರಿ ಹೀಗಿವೆ:

```
2.8  5.2  3.6  6.0  5.4  7.2  6.8  8.6  9.8  10.2
```

ಮೇಲಿನ ಮಿತಿ 12.1. ಒಂದೂ ದಾಟಿಲ್ಲ. ಮಿತಿ ಮಾತ್ರ ನೋಡುವವರು ಎಲ್ಲ ಓಕೆ ಅಂತ ಸಹಿ ಹಾಕಿ ಹೋಗುತ್ತಾರೆ. ಈಗ ಗೆರೆ ಎಳೆದು ನೋಡಿ. ಒಂದು ಸಿಗ್ಮಾ ಗೆರೆ 6.7ಕ್ಕೆ ಬರುತ್ತದೆ, ಎರಡು ಸಿಗ್ಮಾ 9.4ಕ್ಕೆ. ಒಂಬತ್ತನೇ ಗಂಟೆಗೆ ಹಿಂದಿನ ಐದರಲ್ಲಿ ನಾಲ್ಕು, ಅಂದರೆ 7.2, 6.8, 8.6, 9.8, ಇವು 6.7ರ ಮೇಲಿವೆ. ಎಚ್ಚರಿಕೆ ಅಲ್ಲೇ ಬಂತು. ಹತ್ತನೇ ಗಂಟೆಗೆ ಎರಡು ಸಿಗ್ಮಾ ನಿಯಮವೂ ಕೂಗುತ್ತದೆ. ಎಂಟರ ನಿಯಮಕ್ಕೆ ಇನ್ನೊಂದು ಚುಕ್ಕೆ ಬೇಕು, ನಾಲ್ಕನೇ ಗಂಟೆಯಿಂದ ಏಳು ಸತತವಾಗಿ ಮೇಲೇ ಇವೆ.

ಇನ್ಸರ್ಟ್ ಸವೆದಂತೆ ತುದಿ ಹಿಂದೆ ಸರಿಯುತ್ತದೆ, ಹೊರವ್ಯಾಸ ದಪ್ಪವಾಗುತ್ತಾ ಹೋಗುತ್ತದೆ. ಚಾರ್ಟ್ ಮೆಲ್ಲಗೆ ಮೇಲೇರಿದರೆ ಮೊದಲ ಅನುಮಾನ ಅದರ ಮೇಲೇ ಇರಲಿ. ಧಡಕ್ಕನೆ ಜಿಗಿದು ಅಲ್ಲೇ ನಿಂತರೆ ಆಫ್‌ಸೆಟ್, ಹೊಸ ಬಾರ್ ಅಥವಾ ಮೈಕ್ರೋಮೀಟರ್‌ನ ಸೊನ್ನೆ ನೋಡಿ. ಸರಾಸರಿ ಸುಮ್ಮನಿದ್ದು ರೇಂಜ್ ಮಾತ್ರ ಏರಿದರೆ ಏನೋ ಸಡಿಲವಾಗಿದೆ.

ಸುಳ್ಳು ಎಚ್ಚರಿಕೆ ಎಷ್ಟು ಬರುತ್ತದೆ?

ಮೂರು ಸಿಗ್ಮಾ ನಿಯಮ ಒಂದೇ ಇಟ್ಟುಕೊಂಡರೆ, ಏನೂ ಆಗದೇ ಇದ್ದರೂ ಸರಾಸರಿ 370 ಚುಕ್ಕೆಗೆ ಒಂದು ಹೊರಗೆ ಬೀಳುತ್ತದೆ. ದಿನಪೂರ್ತಿ ಗಂಟೆಗೊಂದು ಚುಕ್ಕೆ ಅಂದರೆ ಸುಮಾರು ಹದಿನೈದು ದಿನಕ್ಕೊಮ್ಮೆ. ನಾಲ್ಕೂ ನಿಯಮ ಹಾಕಿದರೆ ಅದು 92 ಚುಕ್ಕೆಗೆ ಒಂದು ಆಗುತ್ತದೆ, ಅಂದರೆ ನಾಲ್ಕು ದಿನಕ್ಕೊಮ್ಮೆ. ಇದಕ್ಕೇ ನಾನು ಸಾಫ್ಟ್‌ವೇರ್‌ನಲ್ಲಿ ಇರುವ ಎಂಟೂ ನಿಯಮಕ್ಕೆ ಟಿಕ್ ಹಾಕುವುದಿಲ್ಲ. ದಿನಾ ತೋಳ ಬಂತು ತೋಳ ಅಂದರೆ ಆಪರೇಟರ್ ನೋಡುವುದನ್ನೇ ಬಿಡುತ್ತಾನೆ.

ಹಾಗಂತ ಒಂದೇ ನಿಯಮ ಸಾಕು ಅಂತಲೂ ಅಲ್ಲ. ಮೆಷಿನ್ 6 ಮೈಕ್ರಾನ್ ಜಾರಿದರೆ ಮುಂದಿನ ಚುಕ್ಕೆ ಮಿತಿ ದಾಟುವ ಸಾಧ್ಯತೆ ನೂರಕ್ಕೆ 22 ಅಷ್ಟೇ. ಸರಾಸರಿ ನಾಲ್ಕೂವರೆ ಗಂಟೆ ಕಾಯಬೇಕು.

ಪ್ರತಿ ಪೀಸ್ ಅಳೆದು, ಎಷ್ಟು ತಪ್ಪಿದೆಯೋ ಅಷ್ಟು ಆಫ್‌ಸೆಟ್ ತಿದ್ದಿದರೆ ಇನ್ನೂ ಒಳ್ಳೆಯದಲ್ವಾ?

ಕೆಟ್ಟದ್ದು. ಆದರೆ ಇದನ್ನು ಮಾಡುವವರು ಸಾಮಾನ್ಯವಾಗಿ ಅತಿ ಶ್ರದ್ಧೆಯ ಆಪರೇಟರ್‌ಗಳು, ಹಾಗಾಗಿ ಬಯ್ಯುವ ಬದಲು ಕೂತು ತೋರಿಸಿ.

ಮೆಷಿನ್ ಸೊನ್ನೆಗೆ ಸರಿಯಾಗಿ ಹೊಂದಿದೆ. ಏನೂ ಮುಟ್ಟದಿದ್ದರೆ ಮೂರು ಪೀಸ್ +9, −4, +6 ಬರುತ್ತಿದ್ದವು. ಆಪರೇಟರ್ +9 ನೋಡಿ ಆಫ್‌ಸೆಟ್ 9 ಇಳಿಸುತ್ತಾನೆ. ಮುಂದಿನದು −4 ಬರಬೇಕಿತ್ತು, ಈಗ −13 ಬರುತ್ತದೆ. ಗಾಬರಿಯಾಗಿ 13 ಏರಿಸುತ್ತಾನೆ. ಮೂರನೆಯದು +6ರ ಬದಲು +10. ತನ್ನಷ್ಟಕ್ಕೆ ಬಿಟ್ಟಿದ್ದರೆ ಚೆನ್ನಾಗಿದ್ದ ಮೆಷಿನ್ ಅನ್ನು ಅವನೇ ಎಳೆದಾಡುತ್ತಿದ್ದಾನೆ.

ಹೀಗೆ ಮಾಡುತ್ತಾ ಹೋದರೆ ಸಿಗ್ಮಾ 1.41 ಪಟ್ಟು ಆಗುತ್ತದೆ, 6 ಇದ್ದದ್ದು 8.5. ಬಿಡಿ ಪೀಸ್‌ಗಳ ಹರಡು, ಅಂದರೆ ಸಿಗ್ಮಾದ ಮೂರು ಪಟ್ಟು, ಪ್ಲಸ್ ಮೈನಸ್ 18 ಇದ್ದದ್ದು 25.5. ಟಾಲರೆನ್ಸ್ ಎಷ್ಟಿತ್ತು? 25. ಒಳಗೇ ಇದ್ದ ಪ್ರೋಸೆಸ್ ಬರೀ ಕಾಳಜಿಯಿಂದ ಹೊರಗೆ ಹೋಯಿತು. ಚಾರ್ಟ್ ಎಚ್ಚರಿಕೆ ಕೊಡುವವರೆಗೂ ಆಫ್‌ಸೆಟ್ ಮುಟ್ಟಬಾರದು.

ನಮ್ಮ ರೇಂಜ್ ಚಾರ್ಟ್ ಮೆಟ್ಟಿಲಿನ ಹಾಗೆ ಕಾಣುತ್ತದೆ. ಯಾಕೆ?

ಅಳೆಯುವ ಉಪಕರಣ ದಪ್ಪ ಆಯಿತು. ನಾನೇ ಮೊದಲ ಸಲ 10 ಮೈಕ್ರಾನ್‌ನ ಡಿಜಿಟಲ್ ವರ್ನಿಯರ್ ಹಿಡಿದು ಇಂಥ ಚಾರ್ಟ್ ಮಾಡಿದ್ದೆ. ರೇಂಜ್ 0, 10, 20 ಬಿಟ್ಟು ಬೇರೆ ಬರಲೇ ಇಲ್ಲ. ವಾರಪೂರ್ತಿ ಕಷ್ಟಪಟ್ಟು ತುಂಬಿದ ಶೀಟ್ ದಂಡವಾಯಿತು. ಮಿತಿಯೊಳಗೆ ರೇಂಜ್‌ಗೆ ಬರಬಹುದಾದ ಬೇರೆ ಬೇರೆ ಬೆಲೆಗಳು ಸೊನ್ನೆ ಸೇರಿ ನಾಲ್ಕೋ ಅದಕ್ಕಿಂತ ಕಡಿಮೆಯೋ ಇದ್ದರೆ ಆ ಉಪಕರಣ ಸಾಲದು. ಈ ಶಾಫ್ಟ್‌ಗೆ ಒಂದು ಮೈಕ್ರಾನ್ ಓದುವ ಮೈಕ್ರೋಮೀಟರ್ ಬೇಕು.

ಬ್ಯಾಚ್‌ಗೆ ಒಂದೇ ರೀಡಿಂಗ್ ಸಿಗುತ್ತದೆ, ಆಗ?

ಒಂದೊಂದನ್ನೇ ಚುಕ್ಕೆ ಇಡಿ. ಪಕ್ಕಪಕ್ಕದ ಎರಡು ರೀಡಿಂಗ್‌ಗಳ ವ್ಯತ್ಯಾಸ ತೆಗೆದು, ಅವುಗಳ ಸರಾಸರಿಯನ್ನು 2.66ರಿಂದ ಗುಣಿಸಿ, ನಡುಗೆರೆಯ ಆಚೀಚೆ ಹಾಕಿ. ಸಣ್ಣ ಜಾರುವಿಕೆ ಹಿಡಿಯಲು ಇದು ಬಹಳ ನಿಧಾನ.

ಇನ್ಸರ್ಟ್ ಸವೆಯುವುದು ಸಹಜ. ಪ್ರತಿ ಸಲ ಎಚ್ಚರಿಕೆ ಬಂದರೆ ಕೆಲಸ ನಿಲ್ಲಿಸಬೇಕಾ?

ಇಲ್ಲಿ ಆ 6 ಮೈಕ್ರಾನ್ ಕೆಲಸಕ್ಕೆ ಬರುತ್ತದೆ. ಬಿಡಿ ಪೀಸ್‌ಗಳು ಸರಾಸರಿಯಿಂದ 18 ಆಚೀಚೆ ಹರಡುತ್ತವೆ. ಟಾಲರೆನ್ಸ್ 25. ಉಳಿದದ್ದು 7. ಅಂದರೆ ಸರಾಸರಿ −7ರಿಂದ +7ರ ನಡುವೆ ಓಡಾಡಿದರೆ ಭಯವಿಲ್ಲ. ಮೇಲಿನ ಸಾಲಿನಲ್ಲಿ ಹತ್ತನೇ ಗಂಟೆಗೆ ಸರಾಸರಿ 10 ಮುಟ್ಟಿತ್ತು, ಕಂಟ್ರೋಲ್ ಮಿತಿಯ ಒಳಗೇ. ಮೆಷಿನ್ ನಿಜಕ್ಕೂ ಅಲ್ಲಿಗೆ ಜಾರಿದ್ದರೆ ಸಾವಿರಕ್ಕೆ ಸುಮಾರು ಆರು ಶಾಫ್ಟ್ ಓವರ್‌ಸೈಜ್ ಆಗುತ್ತವೆ. ಹಾಗಾಗಿ ಈ ಎಚ್ಚರಿಕೆಯನ್ನು ಸಹಜ ಅಂತ ಬಿಡುವ ಹಾಗಿಲ್ಲ.

ಆ ಹತ್ತು ಚುಕ್ಕೆಗಳು ಗಂಟೆಗೆ ಸುಮಾರು 0.8 ಮೈಕ್ರಾನ್ ಏರುತ್ತಿವೆ. ಇಂಥ ನಾಲ್ಕೈದು ಇನ್ಸರ್ಟ್‌ಗಳ ಚಾರ್ಟ್ ಪಕ್ಕದಲ್ಲಿಟ್ಟು ನೋಡಿ. ಏರುವ ವೇಗ ಹೆಚ್ಚುಕಡಿಮೆ ಒಂದೇ ಇದ್ದರೆ, ಇಷ್ಟು ಪೀಸ್‌ಗೆ ಇಷ್ಟು ಆಫ್‌ಸೆಟ್ ಎಂದು ಮೊದಲೇ ಗೊತ್ತುಮಾಡಿಬಿಡಬಹುದು. ಇದು ಮೇಲೆ ಹೇಳಿದ ಎಳೆದಾಟ ಅಲ್ಲ, ಯಾಕೆಂದರೆ ತಿದ್ದುತ್ತಿರುವುದು ಗೊತ್ತಿರುವ ಸವೆತವನ್ನು, ಒಂದು ಪೀಸ್‌ನ ಅದೃಷ್ಟವನ್ನಲ್ಲ. ನಡುಗೆರೆಯನ್ನೇ ಓರೆಯಾಗಿ ಎಳೆಯುವವರೂ ಇದ್ದಾರೆ. ಟಾಲರೆನ್ಸ್‌ನಲ್ಲಿ ಜಾಗ ಜಾಸ್ತಿ ಇದ್ದರೆ ಅದೂ ಸರಿ, ನಮಗೆ ಅಷ್ಟು ಜಾಗ ಇಲ್ಲ.

ಮಿತಿಗಳನ್ನು ತಿಂಗಳಿಗೊಮ್ಮೆ ಹೊಸದಾಗಿ ಲೆಕ್ಕ ಹಾಕಬೇಕಾ?

ಕ್ಯಾಲೆಂಡರ್ ನೋಡಿ ಬದಲಾಯಿಸಬೇಡಿ. ತಿಂಗಳು ತಿಂಗಳಿಗೂ ಹೊಸ ಮಿತಿ ಹಾಕಿದರೆ ಸ್ಪಿಂಡಲ್ ಬೇರಿಂಗ್ ಮೆಲ್ಲಗೆ ಹಾಳಾಗುತ್ತಿದ್ದರೂ ಮಿತಿಯೂ ಅದರ ಜೊತೆಗೇ ಅಗಲವಾಗುತ್ತಾ ಹೋಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಿದ್ದೇ ಏನನ್ನಾದರೂ ಬದಲಾಯಿಸಿದಾಗ, ಉದಾಹರಣೆಗೆ ಬೇರಿಂಗ್ ಹೊಸದು ಹಾಕಿ ರೇಂಜ್ 14ರಿಂದ 10ರ ಆಸುಪಾಸಿಗೆ ಇಳಿದು ಅಲ್ಲೇ ನಿಂತಾಗ, ಹೊಸ 20 ಸಬ್‌ಗ್ರೂಪ್ ತೆಗೆದು ಲೆಕ್ಕ ಹಾಕಿ. ಹಳೆಯ ಮಿತಿ ಎಲ್ಲಿಗೆ ಮುಗಿಯಿತು, ಯಾಕೆ ಮುಗಿಯಿತು ಎಂಬುದನ್ನು ಚಾರ್ಟ್ ಮೇಲೇ ಅಡ್ಡಗೆರೆ ಹಾಕಿ, ತಾರೀಕಿನ ಜೊತೆ ಬರೆದಿಡಿ.